ಒಂದಿಂಚು ಅಂದರೆ ಯಾವ ಒಂದಿಂಚು?



ನಮ್ಮ ಕಡೆ ಬಸುರಿಗೆ ಏಳರಲ್ಲಿ ಮಾಡುವ ಕಾರ್ಯಕ್ಕೆ ‘ಕುಬಸ’ ಅಂತಲೇ ಹೆಸರು. ಬೇರೆ ಕಡೆ ಸೀಮಂತ ಅನ್ನುವುದನ್ನು ನಾವು ಉಡುಗೊರೆಯ ಹೆಸರಿನಿಂದ ಕರೆಯುತ್ತೇವೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹಸಿರು ಕುಪ್ಪಸ ತಂದು, ಮಗಳನ್ನು ಕೂರಿಸಿ ಉಡಿ ತುಂಬುತ್ತಾರೆ. ಇಷ್ಟು ದೊಡ್ಡ ದಿನದ ಹೆಸರನ್ನೇ ಹೊತ್ತ ಆ ಬಟ್ಟೆ ಅವತ್ತು ಮೈಗೆ ಕೂರದಿದ್ದರೆ ಮನೆಯಲ್ಲಿ ಎಂಥ ಗಡಿಬಿಡಿ ಆಗುತ್ತದೆ ಅನ್ನುವುದು ಹೆಣ್ಣುಮಕ್ಕಳಿಗೆ ಗೊತ್ತು. ನಮ್ಮ ಮನೆಯಲ್ಲಿ ಆದದ್ದು ಅದೇ. ಆಗ ಹೊಲಿಯುವವರಿಗೆ ನಾನು ಎರಡು ಸಂದೇಶ ಕಳಿಸಿದೆ. ಮೊದಲನೆಯದನ್ನು ಅವರು ಹಾಗೆಯೇ ಪಾಲಿಸಿದ್ದರೆ ಕುಪ್ಪಸ ಕೆಡುತ್ತಿತ್ತು, ಎರಡನೆಯದು ಅದನ್ನು ಉಳಿಸಿತು. ಆ ಎರಡರ ನಡುವಿನ ವ್ಯತ್ಯಾಸವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ತಂಗಿಯನ್ನು ಕೊಟ್ಟದ್ದು ಬಾದಾಮಿಗೆ. ನಾನು ಬಾಗಲಕೋಟೆಯ ನವನಗರದಲ್ಲಿ ಇದ್ದೇನೆ. ತವರು ಹುನಗುಂದ. ಸೀರೆ ಇಳಕಲ್ಲಿನಿಂದ ಬಂತು, ಕುಪ್ಪಸದ ಅರಿವಿ ಗುಳೇದಗುಡ್ಡದ ಖಣ. ಹೊಲಿಯಲು ಕೊಟ್ಟದ್ದು ಹುನಗುಂದದಲ್ಲಿ, ತವರುಮನೆಯ ಓಣಿಯಲ್ಲೇ ಮಷಿನ್ ಇಟ್ಟುಕೊಂಡಿರುವ ಒಬ್ಬ ಅಕ್ಕನವರಿಗೆ. ಉಡುವವಳು ಒಂದೂರಿನಲ್ಲಿ, ಹೊಲಿಯುವವರು ಇನ್ನೊಂದೂರಿನಲ್ಲಿ, ನಡುವೆ ಮಾತು ಮುಟ್ಟಿಸುವ ನಾನು ಮೂರನೆಯ ಊರಿನಲ್ಲಿ. ತಂಗಿಗೆ ಆಗ ಬಸ್ಸಿನ ಪ್ರಯಾಣ ಬೇಡ ಅಂತ ಹೇಳಿದ್ದರು. ಅದಕ್ಕೇ ಅಳತೆಗೆ ಅವಳು ಹೋಗಲಿಲ್ಲ, ಅವಳ ಹಳೆಯ ಜಂಪರ್ ಒಂದು ಹೋಯಿತು.

ಹಾಗೆ ಕಳಿಸಿದ್ದನ್ನು ನಾವು ‘ಅಳತಿ ಜಂಪರ್’ ಅನ್ನುತ್ತೇವೆ. ತೊಂದರೆ ಅಲ್ಲೇ ಶುರುವಾದದ್ದು ಅಂತ ಆಮೇಲೆ ತಿಳಿಯಿತು. ಎರಡು ವರ್ಷ ಮೈಮೇಲಿದ್ದ ಜಂಪರಿನ ಕಂಕುಳದ ಸುತ್ತು ಜಗ್ಗಿರುತ್ತದೆ. ಆ ಜಾಗದಲ್ಲಿ ಅರಿವಿಯನ್ನು ಓರೆಯಾಗಿ, ಬಾಗಿಸಿ ಕತ್ತರಿಸಿರುತ್ತಾರೆ. ಓರೆ ಕತ್ತರಿಸಿದ ಅರಿವಿ ರಬ್ಬರಿನಂತೆ ಹಿಗ್ಗುತ್ತದೆ. ಹೊಲಿದ ದಿನ ಇದ್ದ ಸುತ್ತು ಎರಡು ವರ್ಷದ ಮೇಲೆ ಇರುವುದಿಲ್ಲ. ಅದನ್ನೇ ನೋಡಿ ಹೊಸದನ್ನು ಕತ್ತರಿಸಿದರೆ ಹೊಸ ಕುಪ್ಪಸದ ಕಂಕುಳ ಮೊದಲ ದಿನವೇ ಕೆಳಗಿಳಿದಿರುತ್ತದೆ. ಇನ್ನು ಎದೆಯ ಅಳತೆಯಂತೂ ಬಸುರಿಗೆ ಮೊದಲಿನದು. ಹೊಟ್ಟೆ ಬೆಳೆಯುವುದು ಎಲ್ಲರಿಗೂ ಕಾಣುತ್ತದೆ. ಎದೆ ತುಂಬುವುದನ್ನೂ, ಅದರ ಕೆಳಗೆ ಪಕ್ಕೆಲುಬಿನ ಗೂಡು ಅಗಲವಾಗುವುದನ್ನೂ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಪ್ಪಸ ಕೂರುವುದು ಅಲ್ಲೇ ಅಲ್ಲವೇ!

ಕುಪ್ಪಸ ಬಾದಾಮಿಗೆ ಮುಟ್ಟಿತು. ತಂಗಿ ತೊಟ್ಟುಕೊಂಡು ಫೋನ್ ಮಾಡಿ, ಅಳು ಬಂದಂಥ ದನಿಯಲ್ಲಿ ಎಲ್ಲ ಹೇಳಿದಳು. ನಾನು ಆ ಕೂಡಲೇ ಅಕ್ಕನವರಿಗೆ ವಾಟ್ಸ್ಯಾಪಿನಲ್ಲಿ ಬರೆದೆ:

‘ಅಕ್ಕಾರ, ಜಂಪರ್ ಭಾಳ ಬಿಗಿ ಆಗೇತ್ರಿ. ಒಂದ್ ಇಂಚ್ ಸಡ್ಲ ಮಾಡ್ರಿ. ಬಗಲಾಗ ಹಿಡಿತೈತಂತ, ಅಲ್ಲೂ ಸಡ್ಲ ಮಾಡ್ರಿ. ತೋಳ ಉದ್ದ ಆಗ್ಯಾವ, ಒಂದ್ ಇಂಚ್ ಮಡಚಿ ಗಿಡ್ಡ ಮಾಡ್ರಿ. ಲಗೂನ ಬೇಕ್ರಿ.’

ನಾಲ್ಕು ಮಾತಿನ ಸಂದೇಶ. ನನಗೆ ಅದರಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇತ್ತು. ಅಕ್ಕನವರು ಬರೆದು ಉತ್ತರಿಸಲಿಲ್ಲ, ಫೋನ್ ಮಾಡಿದರು. ಮೊದಲ ಮಾತೇ, ‘ಒಂದ್ ಇಂಚ್ ಅಂದ್ರ ಯಾವ ಒಂದ್ ಇಂಚ್ರಿ ಅಕ್ಕಾರ? ಸುತ್ತಿಗೋ, ಹೊಲಿಗಿಗೋ?’

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಕುಪ್ಪಸಕ್ಕೆ ಎರಡು ಪಕ್ಕ, ಎರಡೂ ಪಕ್ಕದಲ್ಲಿ ಹೊಲಿಗೆ. ಒಂದೊಂದು ಹೊಲಿಗೆಯಲ್ಲಿ ಎರಡೆರಡು ಅಂಚು ಕೂಡಿರುತ್ತವೆ, ಮುಂದಿನದೊಂದು, ಬೆನ್ನಿನದೊಂದು. ಅಲ್ಲಿಗೆ ನಾಲ್ಕು ಅಂಚು. ಹೊಲಿಗೆಯ ಗೆರೆಯನ್ನು ಅರ್ಧ ಇಂಚು ಹೊರಕ್ಕೆ ಸರಿಸಿದರೆ ನಾಲ್ಕು ಅಂಚಿಗೂ ಅರ್ಧರ್ಧ ಇಂಚು ಸಿಕ್ಕು, ಸುತ್ತಳತೆ ಎರಡು ಇಂಚು ಹೆಚ್ಚುತ್ತದೆ. ಒಂದು ಇಂಚು ಸರಿಸಿದರೆ ನಾಲ್ಕು ಇಂಚು ಹೆಚ್ಚುತ್ತದೆ. ಸುತ್ತಿಗೆ ಒಂದೇ ಇಂಚು ಸಾಕು ಅಂದರೆ ಗೆರೆ ಕಾಲು ಇಂಚು ಮಾತ್ರ ಸರಿಯಬೇಕು. ನಾನು ಬರೆದ ‘ಒಂದ್ ಇಂಚ್’ ಅನ್ನುವ ಮಾತಿನಿಂದ 34ರ ಕುಪ್ಪಸ 35ರ ಕುಪ್ಪಸವೂ ಆಗಬಹುದು, 38ರ ಕುಪ್ಪಸವೂ ಆಗಬಹುದು. ಒಬ್ಬರು ಹೀಗೆ ತಿಳಿದು, ಇನ್ನೊಬ್ಬರು ಹಾಗೆ ತಿಳಿದು, ಕೊನೆಗೆ ‘ನಾನು ಹೇಳಿದ್ದು ಮಾಡಲಿಲ್ಲ’ ಅನ್ನುವ ಜಗಳ ಹುಟ್ಟುವುದು ಇಲ್ಲಿಯೇ.

ಎರಡನೆಯ ಪ್ರಶ್ನೆ ಬಗಲಿನದು. ‘ಕೈ ಇಳಿಬಿಟ್ಟಾಗ ಹಿಡಿತೈತೋ, ಎತ್ತಿದಾಗ ಹಿಡಿತೈತೋ?’ ತಂಗಿಯನ್ನು ಕೇಳಿದೆ. ತುರುಬು ಕಟ್ಟಿಕೊಳ್ಳಲು ಕೈ ಎತ್ತಿದರೆ ಹಿಡಿಯುತ್ತದೆ, ಜೊತೆಗೆ ಇಡೀ ಕುಪ್ಪಸ ಮೇಲೆ ಏಳುತ್ತದೆ ಅಂದಳು. ಕೈ ಇಳಿಸಿದರೆ ಕಂಕುಳದ ಕೆಳಗೆ ಅರಿವಿ ಸಡಿಲವಾಗಿ ಮಡಿಕೆ ಬೀಳುತ್ತದೆ ಅಂತಲೂ ಅಂದಳು. ಅಕ್ಕನವರಿಗೆ ಅಷ್ಟು ಸಾಕಾಯಿತು. ಕಂಕುಳದ ಸುತ್ತು ನಿಜವಾಗಿ ಬಿಗಿಯಾಗಿದ್ದರೆ ಕೈ ಇಳಿಬಿಟ್ಟಾಗಲೂ ತೋಳಿನ ಬುಡದಲ್ಲಿ ಒತ್ತುತ್ತದೆ, ಬಿಚ್ಚಿ ನೋಡಿದರೆ ಅಲ್ಲಿ ಕೆಂಪು ಗೆರೆ ಮೂಡಿರುತ್ತದೆ. ಕೈ ಎತ್ತಿದಾಗ ಮಾತ್ರ ಹಿಡಿಯುವುದು, ಕುಪ್ಪಸವನ್ನೂ ಎಳೆದುಕೊಂಡು ಹೋಗುವುದು ಬೇರೆ ದೋಷ. ಅಲ್ಲಿ ಕಂಕುಳ ಬೇಕಾದುದಕ್ಕಿಂತ ಆಳವಾಗಿ ಕತ್ತರಿಸಿಹೋಗಿರುತ್ತದೆ. ತೋಳು ಮತ್ತು ಮೈ ಕೂಡುವ ಜಾಗ ದೇಹದ ಕಂಕುಳಕ್ಕಿಂತ ಕೆಳಗಿದ್ದರೆ, ಕೈ ಎತ್ತಿದಾಗ ಪಕ್ಕದ ಅರಿವಿಯೆಲ್ಲ ತೋಳಿನ ಹಿಂದೆ ಹೋಗಲೇಬೇಕು.

ಇಂಥ ಕುಪ್ಪಸವನ್ನು ‘ಬಗಲಾಗ ಸಡ್ಲ ಮಾಡ್ರಿ’ ಅಂತ ಕಳಿಸಿದರೆ ಏನಾಗುತ್ತದೆ? ಹೇಳಿದ ಮಾತನ್ನೇ ಹಿಡಿಯುವವರಾದರೆ ಕತ್ತರಿ ತೆಗೆದು ಇನ್ನೂ ಕಾಲು ಇಂಚು ಕೆಳಗೆ ಕೊರೆಯುತ್ತಾರೆ. ದೋಷ ಇನ್ನಷ್ಟು ಹೆಚ್ಚುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಕತ್ತರಿಸಿ ತೆಗೆದ ಅರಿವಿ ತಿರುಗಿ ಬರುವುದಿಲ್ಲ. ಕೊಳ್ಳಿನ ಆಳಕ್ಕೂ ಇದೇ ಮಾತು. ಆದ್ದರಿಂದಲೇ ಸಂದೇಶದಲ್ಲಿ ಮದ್ದು ಬರೆಯುವ ಮೊದಲು ನೋವು ಎಲ್ಲಿದೆ, ಯಾವಾಗ ಆಗುತ್ತದೆ ಅನ್ನುವುದನ್ನು ಬರೆಯಬೇಕು ಅಂತ ನಾನು ಈಗ ಗಟ್ಟಿಯಾಗಿ ಹೇಳುತ್ತೇನೆ.

ಮೂರನೆಯದು ತೋಳಿನ ಮಾತು. ಇಲ್ಲಿ ಖಣದ ಬಗ್ಗೆ ಸ್ವಲ್ಪ ಹೇಳಬೇಕು. ಖಣ ಅಂದರೆ ಬರಿ ಅರಿವಿ ಅಲ್ಲ. ಅದು ಕುಪ್ಪಸಕ್ಕೆಂದೇ ನೇಯ್ದ ತುಂಡು. ರೇಷ್ಮೆಯ ಹಾಸಿಗೆ ಹತ್ತಿಯ ಹೊಕ್ಕು ಕೊಟ್ಟು, ಹಾಸಿನಲ್ಲೇ ಹೆಚ್ಚಿನ ಎಳೆ ಹಾಕಿ ಬುಟ್ಟಾ ಎಬ್ಬಿಸುವುದು ಗುಳೇದಗುಡ್ಡದ ಪದ್ಧತಿ. ಅಗಲ ಕಡಿಮೆ, ಎರಡೂ ಅಂಚಿಗೆ ದಡಿ. ಆ ದಡಿ ತೋಳಿನ ಕೊನೆಗೆ ಬರುವಂತೆ ಕತ್ತರಿಸಿದರೇ ಖಣದ ಕುಪ್ಪಸ ಅನ್ನಿಸಿಕೊಳ್ಳುವುದು. ಬೇರೆ ಬ್ಲೌಸಿನ ತೋಳು ಉದ್ದವಾದರೆ ತುದಿ ಮಡಚಿ ಹೊಲಿದರೆ ಮುಗಿಯಿತು. ಖಣದಲ್ಲಿ ತುದಿ ಮಡಚಿದರೆ ದಡಿಯೇ ಒಳಗೆ ಹೋಗುತ್ತದೆ. ಎರಡು ಬೆರಳಿನ ದಡಿಯಲ್ಲಿ ಒಂದಿಂಚು ಒಳಗೆ ಹೋದರೆ ಉಳಿಯುವುದೇನು? ‘ಮಡಚಿ ಗಿಡ್ಡ ಮಾಡ್ರಿ’ ಅಂತ ನಾನು ಬರೆದಿದ್ದೆ. ಅವರು ಕೇಳದೆ ಮಾಡಿದ್ದರೆ ಇಳಕಲ್ ಸೀರೆಯ ಮೇಲೆ ಆ ತೋಳು ಬೋಳಾಗಿ ಕಾಣುತ್ತಿತ್ತು.

ಫೋನ್ ಇಡುವಾಗ ಅಕ್ಕನವರು ಮಾಡಬೇಕಾದ್ದನ್ನು ಹೇಳಿದರು. ಕುಪ್ಪಸ ತೊಳೆಯಬಾರದು, ಹಾಗೆಯೇ ಇಡಬೇಕು. ತೊಳೆದರೆ ಹೊರಗಿನ ಬಣ್ಣ ಸ್ವಲ್ಪ ಇಳಿಯುತ್ತದೆ, ಒಳಗೆ ಮಡಚಿಟ್ಟದ್ದು ಮೊದಲಿನ ಬಣ್ಣದಲ್ಲೇ ಉಳಿಯುತ್ತದೆ, ಆಮೇಲೆ ಬಿಟ್ಟರೆ ಪಕ್ಕದಲ್ಲಿ ಕಡು ಹಸಿರಿನ ಪಟ್ಟೆ ಕಾಣುತ್ತದೆ. ಹುಕ್ ಹಾಕಿ, ಕುಪ್ಪಸವನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಒಂದು ಕಂಕುಳದಿಂದ ಇನ್ನೊಂದು ಕಂಕುಳಕ್ಕೆ ಟೇಪ್ ಹಿಡಿಯಬೇಕು. ಬಂದದ್ದನ್ನು ಎರಡರಿಂದ ಗುಣಿಸಿದರೆ ಕುಪ್ಪಸದ ಸುತ್ತು. ಆಮೇಲೆ ತಂಗಿಯ ಮೈ ಸುತ್ತ, ಎದೆಯ ತುಂಬು ಜಾಗದಲ್ಲಿ, ಟೇಪ್ ಬಿಗಿಯೂ ಇರದಂತೆ, ಜೋತೂ ಬೀಳದಂತೆ ಅಳೆಯಬೇಕು. ಕುಪ್ಪಸವನ್ನು ಒಳಮಗ್ಗುಲು ತಿರುವಿ, ಪಕ್ಕದ ಹೊಲಿಗೆಯ ಆಚೆ ಎಷ್ಟು ಅರಿವಿ ಬಿಟ್ಟಿದೆ ಅನ್ನುವುದನ್ನೂ ನೋಡಬೇಕು. ತೋಳಿನ ಒಳ ಹೊಲಿಗೆಯಲ್ಲೂ ನೋಡಬೇಕು, ಅದನ್ನು ಮರೆಯಬಾರದು.

ತಂಗಿಯ ಅತ್ತೆಯವರು ಟೇಪ್ ಹಿಡಿದರು. ಅವರು ಹೇಳುತ್ತ ಹೋದದ್ದನ್ನು ನಾನು ಬಾಗಲಕೋಟೆಯಲ್ಲಿ ಕೂತು ಬರೆದುಕೊಂಡೆ. ಅರ್ಧ ತಾಸಿನ ಕೆಲಸ. ಆಮೇಲೆ ಕಳಿಸಿದ ಎರಡನೆಯ ಸಂದೇಶ ಇದು:

‘ಅಕ್ಕಾರ ನಮಸ್ಕಾರ್ರೀ. ಹಸರ ಖಣದ ಜಂಪರ್, ತೇರಿನ ಬುಟ್ಟಾದ್ದು, ಬಾದಾಮಿ ತಂಗೀದು.

ಎದಿ: ಹಾಸಿ ಅಳದ್ರ 17, ಅಂದ್ರ ಸುತ್ತ 34 ಐತಿ. ಆಕಿ ಮೈ ಅಳತಿ ಈಗ 35. ನಡುವಿನ ಎರಡು ಹುಕ್ ಕೂಡವಲ್ವು. ತಯಾರ ಆದ ಮ್ಯಾಲ ಜಂಪರ್ ಸುತ್ತ ಒಟ್ಟ 36 ಬರಬೇಕ್ರಿ. ಕೆಳಗಿನ ಪಟ್ಟೀನೂ ಅಷ್ಟ ಬಿಡ್ರಿ.

ಒಳಗಿನ ಅರಿವಿ: ಪಕ್ಕದಾಗ ಒಂದೊಂದ್ ಇಂಚ್ ಐತಿ. ತೋಳಿನಾಗ ಕಾಲು ಇಂಚ್ ಅಷ್ಟ.

ಬಗಲ: ಕೈ ಎತ್ತಿದ್ರ ಜಂಪರ್ ಪೂರಾ ಮ್ಯಾಲ ಏಳತೈತಿ. ಇಳಿಸಿದ್ರ ಬಗಲ ಕೆಳಗ ಮಡಿಕಿ ಬೀಳತೈತಿ. ಕತ್ತರಿ ಹಾಕಬ್ಯಾಡ್ರಿ. ಏನ್ ಮಾಡಬೇಕು ನೀವ ನೋಡಿ ಹೇಳ್ರಿ.

ತೋಳ: ಎರಡೂ ಒಂದ್ ಇಂಚ್ ಉದ್ದ. ದಡಿ ಪೂರ್ತಿ ಕಾಣಬೇಕ್ರಿ. ತುದಿ ಬಿಗಿ ಇಲ್ಲ, ಸರಿ ಐತಿ.

ಕೊಳ್ಳ, ಭುಜ, ಬೆನ್ನ ಚಲೋ ಕೂತಾವ. ಅವನ್ನ ಮುಟ್ಟಬ್ಯಾಡ್ರಿ.

ಉಳದ ಚೂರ ನಿಮ್ಮ ಹಂತೇಕ ಅದಾವೇನ್ರಿ? ಕುಬಸ ಶುಕ್ರವಾರ ಐತಿ. ಬುಧವಾರ ಸಂಜೀಕ ಸಿಕ್ರ ಆಕಿ ಒಮ್ಮೆ ತೊಟ್ಟ ನೋಡತಾಳ.’

ಇದರಲ್ಲಿ ಸರಿ ಇದ್ದುದನ್ನೂ ಬರೆದಿದ್ದೇನೆ, ಗಮನಿಸಿ. ಅದು ಅಕ್ಕನವರೇ ಕೇಳಿದ್ದು. ಯಾವುದನ್ನು ಮುಟ್ಟಬಾರದು ಅನ್ನುವುದು ಗೊತ್ತಿದ್ದರೆ ತಿದ್ದುವ ದಾರಿ ಬೇಗ ಹೊಳೆಯುತ್ತದೆ. ಆಳವಾದ ಕಂಕುಳವನ್ನು ಮೇಲೆತ್ತಲು ಒಂದು ಸುಲಭದ ದಾರಿ ಭುಜದ ಹೊಲಿಗೆಯನ್ನು ಹಿಡಿದು ಮೇಲೆಳೆಯುವುದು. ಆದರೆ ಹಾಗೆ ಮಾಡಿದರೆ ಕೊಳ್ಳೂ ಮೇಲೇರುತ್ತದೆ, ಕುಪ್ಪಸದ ಉದ್ದವೂ ಕಡಿಮೆಯಾಗುತ್ತದೆ. ಕೊಳ್ಳು, ಭುಜ ಚೆನ್ನಾಗಿ ಕೂತಿದ್ದರಿಂದ ಆ ದಾರಿ ಮುಚ್ಚಿತು.

ಪಕ್ಕದ ಲೆಕ್ಕ ಸರಳವಾಗಿತ್ತು. 34ರಿಂದ 36ಕ್ಕೆ ಎರಡು ಇಂಚು, ನಾಲ್ಕು ಅಂಚಿಗೆ ಅರ್ಧರ್ಧ. ಒಳಗೆ ಒಂದೊಂದು ಇಂಚು ಇದ್ದದ್ದರಲ್ಲಿ ಅರ್ಧ ಹೋಗಿ ಅರ್ಧ ಉಳಿಯುತ್ತದೆ. ಹೊಲಿಗೆ ಕೀಳದಂತೆ ಹಿಡಿದಿರಲು ಕಾಲು ಇಂಚಾದರೂ ಒಳಗೆ ಇರಬೇಕು. ಅಂದರೆ ಮುಂದೆ ಬೇಕಾದರೆ ಸುತ್ತಿಗೆ ಇನ್ನೂ ಒಂದು ಇಂಚು ಬಿಡಲು ಬರುತ್ತದೆ.

ತೊಡಕು ಇದ್ದದ್ದು ತೋಳಿನಲ್ಲಿ. ಪಕ್ಕದಲ್ಲಿ ಎರಡು ಅಂಚು ಅರ್ಧರ್ಧ ಇಂಚು ಬಿಟ್ಟರೆ ಆ ಬದಿಯ ಕಂಕುಳದ ಸುತ್ತು ಒಂದು ಇಂಚು ಹೆಚ್ಚುತ್ತದೆ. ಅದಕ್ಕೆ ಕೂಡಿಸುವ ತೋಳೂ ಅಷ್ಟೇ ಹೆಚ್ಚಬೇಕು, ಇಲ್ಲದಿದ್ದರೆ ದೊಡ್ಡ ಬಾಯಿಗೆ ಸಣ್ಣ ಮುಚ್ಚಳ ಇಟ್ಟಂತೆ ಆಗುತ್ತದೆ. ತೋಳಿನ ಒಳಗೆ ಕಾಲು ಇಂಚು ಮಾತ್ರ ಉಳಿದಿತ್ತು, ಅದನ್ನು ಬಿಟ್ಟರೆ ಹೊಲಿಗೆಗೆ ಹಿಡಿತವೇ ಇಲ್ಲ. ಖಣ ಕಡಿಮೆ ಅಗಲದ್ದು, ತೋಳಿಗೆ ಅರಿವಿ ಹೊಂದಿಸುವಾಗ ಒಳಗೆ ಬಿಡಲು ಉಳಿಯುವುದು ಕಷ್ಟ.

ಕುಪ್ಪಸ ಹುನಗುಂದಕ್ಕೆ ಮರಳಿದ ಮೇಲೆ ಅಕ್ಕನವರು ಒಂದೇ ಕೆಲಸದಿಂದ ಕಂಕುಳದ್ದೂ ತೋಳಿನದೂ ಎರಡೂ ತೊಡಕು ಬಿಡಿಸಿದರು. ಕಂಕುಳದಲ್ಲಿ ನಾಲ್ಕೂ ಹೊಲಿಗೆ ಕೂಡುವ ಜಾಗವನ್ನು ಬಿಚ್ಚಿ, ಅಲ್ಲಿ ಶಂಕರಪೋಳಿಯ ಆಕಾರದ ಸಣ್ಣ ತುಂಡೊಂದನ್ನು ಕೂಡಿಸಿದರು. ಅದರ ಒಂದು ಮೂಲೆ ತೋಳಿನೊಳಗೆ ಇಳಿಯುತ್ತದೆ, ಎದುರಿನ ಮೂಲೆ ಪಕ್ಕದ ಹೊಲಿಗೆಗೆ ಸೇರುತ್ತದೆ. ತೋಳಿಗೆ ಕಡಿಮೆ ಬಿದ್ದ ಅರಿವಿ ಅದರಿಂದ ಸಿಕ್ಕಿತು. ಕೈ ಎತ್ತಿದಾಗ ಆ ತುಂಡು ತೆರೆದುಕೊಳ್ಳುತ್ತದೆ, ಕುಪ್ಪಸ ಇದ್ದಲ್ಲಿಯೇ ನಿಲ್ಲುತ್ತದೆ. ‘ಇದು ಹೊಸಾದಲ್ಲರಿ, ನಿಮ್ಮ ಅಮ್ಮ ತೊಡತಿದ್ದ ಕುಬಸದಾಗ ಇರತಿತ್ತು’ ಅಂದರು. ನಿಜ. ನಮ್ಮ ಅಮ್ಮ, ಅಂದರೆ ಅಜ್ಜಿ, ತೊಡುತ್ತಿದ್ದ ಕುಪ್ಪಸಕ್ಕೆ ಹುಕ್ಕೇ ಇರಲಿಲ್ಲ, ಎದೆಯ ಕೆಳಗೆ ಎರಡು ತುದಿ ಎಳೆದು ಗಂಟು ಹಾಕುತ್ತಿದ್ದಳು. ಕಂಕುಳದಲ್ಲಿ ಹೀಗೆಯೇ ಮೂಲೆಯ ತುಂಡು ಇರುತ್ತಿತ್ತು. ಮೈ ತುಂಬಿದಂತೆ ಗಂಟು ಸಡಿಲಾಗುತ್ತಿತ್ತು, ಇಳಿದಂತೆ ಬಿಗಿಯಾಗುತ್ತಿತ್ತು. ಬಸುರಿಗೆ ಕುಬಸ ಕೊಡುವ ಪದ್ಧತಿ ಬೆಳೆದದ್ದು ಅಂಥ ಕುಪ್ಪಸದ ಕಾಲದಲ್ಲಿ. ಅದಕ್ಕೆ ಅಳತೆಯ ಚಿಂತೆ ಅಷ್ಟಾಗಿ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಹುಕ್ಕು ಬಂದ ಮೇಲೆ ಇಂಚಿನ ಲೆಕ್ಕ ಬಂತು.

ಆ ತುಂಡಿಗೆ ಉಳಿದ ಚೂರು ಬೇಕಾಗಿತ್ತು. ಪುಣ್ಯಕ್ಕೆ ಅವರು ಎಸೆದಿರಲಿಲ್ಲ. ಚೂರು ಸಿಕ್ಕರೂ ಹೇಗೆ ಬೇಕಾದರೆ ಹಾಗೆ ಕತ್ತರಿಸುವಂತಿಲ್ಲ. ನಮ್ಮದು ತೇರಿನ ಬುಟ್ಟಾ. ತೇರಿಗೆ ಗಾಲಿ ಕೆಳಗೆ, ಕಳಸ ಮೇಲೆ. ಕೈ ಎತ್ತಿದಾಗ ಕಾಣುವ ಆ ಎರಡು ಬೆರಳಿನ ತುಂಡಿನಲ್ಲೂ ತೇರು ತಲೆಕೆಳಗಾಗಬಾರದು ಅಂತ ಅವರು ಚೂರುಗಳನ್ನೆಲ್ಲ ಹಾಸಿ, ತಿರುಗಿಸಿ ನೋಡಿ, ಒಂದು ತೇರು ನೆಟ್ಟಗೆ ಬರುವಂತೆ ಗುರುತು ಮಾಡಿದರಂತೆ.

ತೋಳಿನ ಉದ್ದಕ್ಕೆ ದಡಿಯನ್ನು ಮುಟ್ಟಲಿಲ್ಲ. ದಡಿ ಮುಗಿದು ಒಡಲು ಶುರುವಾಗುವ ಗೆರೆಯ ಮೇಲೆಯೇ ಒಳಗಡೆ ಅರ್ಧ ಇಂಚಿನ ಮಡಿಕೆ ಹಿಡಿದರು. ಮಡಿಕೆಯಲ್ಲಿ ಅರಿವಿ ಎರಡು ಪದರ, ಹಾಗಾಗಿ ತೋಳು ಒಂದಿಂಚು ಗಿಡ್ಡವಾಯಿತು. ಹೊಲಿಗೆ ಬಿದ್ದದ್ದು ಬಣ್ಣ ಬದಲಾಗುವ ಗೆರೆಯಲ್ಲೇ, ಹುಡುಕಿದರೂ ಕಣ್ಣಿಗೆ ಬೀಳುವುದಿಲ್ಲ. ಕತ್ತರಿ ಹಾಕದ್ದರಿಂದ ಬೇಕೆಂದಾಗ ಬಿಚ್ಚಲೂ ಬರುತ್ತದೆ. ಒಳಗಿನ ಅಸ್ತರನ್ನೂ ಅಷ್ಟೇ ಮೇಲೆತ್ತಿ ಹೊಲಿದರು, ಇಲ್ಲದಿದ್ದರೆ ದಡಿಯ ಕೆಳಗೆ ಇಣುಕುತ್ತಿತ್ತು.

ಹಳೆಯ ಹೊಲಿಗೆ ಬಿಚ್ಚಿದ ಮೇಲೆ ರೇಷ್ಮೆಯ ಎಳೆಯ ನಡುವೆ ಸೂಜಿಯ ತೂತಿನ ಸಾಲು ಉಳಿಯುತ್ತದೆ. ಅಕ್ಕನವರು ಒಳಮಗ್ಗುಲಿಗೆ ನೀರಿನ ಕೈ ಸವರಿ, ಉಗುರಿನಿಂದ ಎಳೆಗಳನ್ನು ಅತ್ತ ಇತ್ತ ಸರಿಸಿ, ಮೇಲೆ ತೆಳ್ಳನೆಯ ಅರಿವಿ ಹಾಕಿ ಇಸ್ತ್ರಿ ಒತ್ತಿದರು. ಮುಕ್ಕಾಲು ಪಾಲು ಮುಚ್ಚಿಕೊಂಡವು. ಉಳಿದವು ಕೈಯ ಕೆಳಗಿನ ಜಾಗ, ಕಾಣುವುದಿಲ್ಲ. ಅದೇ ತೂತು ಎದೆಯ ಮುಂದೆ, ಟಕ್ಸ್ ಇರುವಲ್ಲಿ ಬಿದ್ದಿದ್ದರೆ ಮರೆಮಾಚಲು ಆಗುತ್ತಿರಲಿಲ್ಲ ಅಂದರು. ಖಣದಲ್ಲಿ ಟಕ್ಸ್ ಬಿಚ್ಚಿ ಹೊಲಿಯುವಂತೆ ಕೇಳುವ ಮೊದಲು ಎರಡು ಸಲ ಯೋಚಿಸಬೇಕು.

ಬುಧವಾರ ಸಂಜೆ ಪರಿಚಯದವರ ಕೈಯಲ್ಲಿ ಹುನಗುಂದದಿಂದ ಅಮೀನಗಡ, ಕಮತಗಿ ಹಾದು ಕುಪ್ಪಸ ಬಾಗಲಕೋಟೆಗೆ ಬಂತು. ಮರುದಿನ ನಾನೇ ಬಾದಾಮಿಗೆ ಒಯ್ದೆ. ತಂಗಿ ತೊಟ್ಟು, ಐದೂ ಹುಕ್ ಹಾಕಿ, ಏನೂ ಮಾತಾಡದೆ ಎರಡೂ ಕೈ ಎತ್ತಿ ತುರುಬು ಕಟ್ಟಿಕೊಂಡಳು. ಕುಪ್ಪಸದ ಕೆಳ ಅಂಚು ಇದ್ದಲ್ಲಿಯೇ ಇತ್ತು. ‘ನೋಡಕ್ಕಾ, ಇಲ್ಲೊಂದ್ ತೇರು’ ಅಂತ ಕಂಕುಳ ತೋರಿಸಿದಳು.

ಚೀಲದ ತಳದಲ್ಲಿ ಒಂದು ಸಣ್ಣ ಗಂಟು ಇತ್ತು. ಉಳಿದ ಚೂರುಗಳು, ಹಸಿರು ದಾರದ ಒಂದು ಸುತ್ತು, ಎರಡು ಹುಕ್. ಜೊತೆಗೆ ಕ್ಯಾಲೆಂಡರಿನ ಹಾಳೆ ಹರಿದು ಪೆನ್ಸಿಲಿನಲ್ಲಿ ಬರೆದ ಚೀಟಿ: ‘ಪಕ್ಕದಾಗ ಇನ್ನ ಅರ್ಧ ಇಂಚ್ ಐತಿ, ಹಾಲ ಕುಡಿಸೂವಾಗ ಬಿಗಿ ಆದ್ರ ಕಾಲ ಇಂಚ್ ಬಿಡಾಕ ಬರತೈತಿ. ಬಾಣಂತನ ಮುಗದ ಮ್ಯಾಲ ಮೊದಲಿನ ಗೆರಿಗೆ ಹೊಲದ ಕೊಡತೀನಿ. ತೊಳಿಯೂ ಮೊದಲ ಹೇಳ್ರಿ.’